ಯಾವ ಬಿಲ್ಲಿಗೆ ಈ ದುಡ್ಡು

ಬಂಗಾರಪೇಟೆ ಸ್ಟೇಷನ್ನಿನಿಂದ ಬಜಾರಿನ ಕಡೆ ನಡೆದು ಬಂದರೆ ಅನಸೂಯಮ್ಮನವರ ಅಂಗಡಿ ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಸಿಗುತ್ತದೆ. ಕಡಲೇಕಾಯಿ ಹಿಂಡಿ, ಗೋಧಿ ಬೂಸಾ, ಮಿಲ್ಲಿನಿಂದ ಬಂದ ಫೀಡ್ ಮೂಟೆ, ಎಲ್ಲ ಕಲೆತ ಆ ವಾಸನೆ ಊರಿನ ಹಸುಗಳಿಗೆಲ್ಲ ಪರಿಚಯ ಎಂದು ಆಕೆಯ ಗಂಡ ಮುನಿಸ್ವಾಮಪ್ಪ ಹೇಳುತ್ತಿರುತ್ತಾರೆ. ಹೆಂಡತಿಯ ಬಾಯಿಯೂ ಅಷ್ಟೇ ದೂರಕ್ಕೆ ಪರಿಚಯ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಅಂಗಡಿ ಅಕ್ಕಪಕ್ಕದವರು ಹೇಳುತ್ತಾರೆ.

ಬಾಯಿ ಜೋರು ನಿಜ. ಮೂಟೆ ಎಳೆದಾಡಿ ಹೊಲಿಗೆ ಬಿಚ್ಚಿದ ಹಮಾಲಿಗೆ, ತೂಕದ ಯಂತ್ರದ ಮೇಲೆ ಕೈ ಊರಿ ನಿಂತ ಗಿರಾಕಿಗೆ, ಗಲ್ಲಾದ ಮೇಲೆ ಕಾಫಿ ಲೋಟ ಇಟ್ಟು ಮರೆಯುವ ಗಂಡನಿಗೆ, ಯಾರಿಗೂ ರಿಯಾಯಿತಿ ಇಲ್ಲ. ಆದರೆ ಮಧ್ಯಾಹ್ನದ ಬಸ್ಸಿಗೆ ಬಂದವರನ್ನು ಊಟ ಮಾಡಿಸದೆ ಕಳಿಸಿದ್ದು ಯಾರೂ ಕಂಡಿಲ್ಲ. ಬೈದು ಬಡಿಸುವುದು ಆಕೆಯ ಪದ್ಧತಿ. ಬೈಯದೆ ಬಡಿಸಿದರೆ ಅಮ್ಮನಿಗೆ ಮೈ ಸರಿಯಿಲ್ಲ ಎಂದೇ ಲೆಕ್ಕ.

ಆಕೆ ಹುಟ್ಟಿದ್ದು ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯಲ್ಲಿ, ಮೂರು ಹಸುವಿನ ಮನೆಯಲ್ಲಿ. ಸ್ಕೂಲಿಗೆ ಹೊರಡುವ ಮೊದಲು ಡೈರಿಗೆ ಹಾಲು ಹಾಕಿ ಬರುವುದು ಅವಳ ಕೆಲಸ. ಹದಿನೈದು ದಿನಕ್ಕೊಮ್ಮೆ ಡೈರಿಯಿಂದ ಹಾಲಿನ ದುಡ್ಡಿನ ಬಟವಾಡೆ ಆಗುತ್ತಿತ್ತು. ಆ ದಿನ ಮನೆಗೆ ಸೋಪು, ಕಾಫಿಪುಡಿ, ಹಸುವಿಗೆ ಹಿಂಡಿ ಬರುತ್ತಿತ್ತು. ಉಳಿದ ದಿನಗಳಲ್ಲಿ ಕೇಳಿದರೂ ಅಮ್ಮ ಬಟವಾಡೆ ಆಗಲಿ ಎನ್ನುತ್ತಿದ್ದಳು. ಅಂಗಡಿಯವನ ಮುಂದೆ ಅಮ್ಮ ಆ ಮಾತು ಹೇಳುವಾಗ ಪಕ್ಕದಲ್ಲಿ ನಿಂತಿರುತ್ತಿದ್ದ ಹುಡುಗಿ ಮುಂದೆ ಹಿಂಡಿ ಅಂಗಡಿಗೇ ಸೊಸೆಯಾಗಿ ಬಂದಳು.

ಮುನಿಸ್ವಾಮಪ್ಪ ಬಂಗಾರದಂಥ ಮನುಷ್ಯ, ವ್ಯಾಪಾರ ಮಾತ್ರ ಅವರ ಕೈಲಿ ಆಗದು. ಬಾಕಿ ವಸೂಲಿಗೆ ಎಂದು ಬೂದಿಕೋಟೆಯ ಕಡೆ ಹೋದರೆ ಟೀ ಕುಡಿದು, ಇನ್ನೊಂದು ಲೋಡಿಗೆ ಒಪ್ಪಿಕೊಂಡು, ಅವರು ಕೊಟ್ಟ ಕುಂಬಳಕಾಯಿ ಹೊತ್ತು ಬರುತ್ತಿದ್ದರು. ಅನಸೂಯಮ್ಮ ಆ ಕುಂಬಳಕಾಯಿಯಲ್ಲಿ ಸಾರು ಮಾಡಿ ಬಡಿಸಿ, ಕೊನೆಗೆ ಬಿಲ್ಲಿನ ವ್ಯವಹಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡರು. ಗಲ್ಲಾ ಮಾತ್ರ ಗಂಡನಿಗೇ ಬಿಟ್ಟರು. ದುಡ್ಡು ತಂದು ಕೊಡುವವರಿಗೆ ಅವರ ನಗುಮುಖ ಬೇಕು ಎಂದು.

ಹಳ್ಳಿಯ ಅಂಗಡಿಯವರಿಗೆ ಮೂವತ್ತು ದಿನದ ಸಾಲದ ಮೇಲೆ ಮೂಟೆ ಕೊಡುವುದು ಮಾವನ ಕಾಲದ ರೂಢಿ. ಮೂವತ್ತು ನಲವತ್ತಾಗುತ್ತಿತ್ತು, ನಲವತ್ತು ಐವತ್ತಾಗುತ್ತಿತ್ತು. ಇತ್ತ ಮಿಲ್ಲಿನವರು, ಲೋಡು ಹೊರಡುವ ಮೊದಲೇ ದುಡ್ಡು ಕಟ್ಟಿದರೆ ನೂರಕ್ಕೆ ಮೂರು ಬಿಡುತ್ತೇವೆ ಎಂದು ಎಷ್ಟೋ ಕಾಲದಿಂದ ಹೇಳುತ್ತಿದ್ದರು. ಕೈಯಲ್ಲಿ ದುಡ್ಡಿದ್ದರಲ್ಲವೇ ಕಟ್ಟುವುದು? ಆ ಮೂರು ಪರ್ಸೆಂಟ್ ಪ್ರತಿ ಲೋಡಿಗೂ ಕಣ್ಣೆದುರೇ ಹೋಗುತ್ತಿದ್ದರೆ ಅನಸೂಯಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು.

ಕೊನೆಗೊಂದು ದಿನ ಲೆಕ್ಕ ಹಾಕಿದರು. ಗಿರಾಕಿಗಳು ಬೇಗ ಕೊಟ್ಟರೆ ಮಿಲ್ಲಿಗೆ ಮೊದಲೇ ಕಟ್ಟಬಹುದು. ಬರುವ ಮೂರರಲ್ಲಿ ಎರಡನ್ನು ಬೇಗ ಕೊಟ್ಟವರಿಗೇ ಬಿಟ್ಟರೂ ಒಂದು ತನಗೆ ಉಳಿಯುತ್ತದೆ. ಎಷ್ಟು ದಿನದೊಳಗೆ ಎಂಬುದೊಂದು ಉಳಿಯಿತು. ಮುನಿಸ್ವಾಮಪ್ಪ ಒಂದು ವಾರ ಎಂದರು. ಅನಸೂಯಮ್ಮನಿಗೆ ಅಂಗಡಿಯವನ ಮುಂದೆ ನಿಂತ ಅಮ್ಮನ ನೆನಪಾಯಿತು. ಒಂದು ವಾರವಾದರೆ ಕೆಲವರ ವಾರದಲ್ಲಿ ಬಟವಾಡೆ ಬೀಳುತ್ತದೆ, ಕೆಲವರದ್ದರಲ್ಲಿ ಬೀಳುವುದಿಲ್ಲ. ಹದಿನೈದು ದಿನ ಕೊಟ್ಟರೆ ಬಿಲ್ ಯಾವತ್ತೇ ಆಗಲಿ, ನಡುವೆ ಒಂದು ಬಟವಾಡೆ ಬಂದೇ ಬರುತ್ತದೆ. ಹಸು ಕಟ್ಟಿದವರು ಹಳ್ಳಿ ಅಂಗಡಿಗೆ ಕೊಡುತ್ತಾರೆ, ಹಳ್ಳಿ ಅಂಗಡಿಯವರು ನಮಗೆ ಕೊಡುತ್ತಾರೆ.

ಹಾಗೆ ಗೋಡೆಗೊಂದು ಬೋರ್ಡು ಬಂತು, ಬಿಲ್ಲಿನ ಕೆಳಗೂ ಅದೇ ಅಚ್ಚಾಯಿತು. ಗಡುವು ಮೂವತ್ತು ದಿನ. ಬಿಲ್ ತಾರೀಖಿನ ಮಾರನೇ ದಿನದಿಂದ ಎಣಿಸಿ ಹದಿನೈದು ದಿನದೊಳಗೆ ಆ ಬಿಲ್ಲಿನ ಹಣ ಪೂರ್ತಿ ಕಟ್ಟಿದವರಿಗೆ, ಸರಕಿನ ಬೆಲೆಯ ಮೇಲೆ ನೂರಕ್ಕೆ ಎರಡು ರೂಪಾಯಿ ಡಿಸ್ಕೌಂಟ್. ಟೆಂಪೋ ಬಾಡಿಗೆ ಮತ್ತು ಹಮಾಲಿ ಕೂಲಿಯ ಮೇಲೆ ಇಲ್ಲ. ಅರ್ಧ ಕೊಟ್ಟವರಿಗೆ ಇಲ್ಲ.

ಕ್ಯಾಸಂಬಳ್ಳಿಯ ಅಂಗಡಿಯವನು ಮುನಿರಾಜು ಬೋರ್ಡು ಓದಿದವನೇ ಬಾಡಿಗೆಯ ಮೇಲೂ ಯಾಕಿಲ್ಲ ಎಂದು ಜಗಳಕ್ಕೆ ನಿಂತ. ಬಾಡಿಗೆ ದುಡ್ಡು ಟೆಂಪೋ ಓಡಿಸುವ ಪೆರುಮಾಳ್ ಜೇಬಿಗೆ ಹೋಗುತ್ತದೆ, ಹಮಾಲಿ ಕೂಲಿ ಮೂಟೆ ಹೊರುವವರಿಗೆ ಹೋಗುತ್ತದೆ, ಅವರ ದುಡ್ಡಿನಲ್ಲಿ ನಾನು ದಾನ ಮಾಡಲೇನು ಎಂದು ಅನಸೂಯಮ್ಮ ಕೇಳಿದರು. ಅವನು ತಲೆ ಕೆರೆದುಕೊಂಡು ಊಟಕ್ಕೆ ಕೂತ.

ಬೂದಿಕೋಟೆಯ ನರಸಮ್ಮ ಬಂದಾಗ ಅನಸೂಯಮ್ಮ ತಾವೇ ಕೂತು ಬಿಡಿಸಿ ಹೇಳಿದರು. ಅವಳ ಮೇಲೆ ಅವರಿಗೆ ಒಂದು ಹಿಡಿ ಪ್ರೀತಿ ಜಾಸ್ತಿ. ಗಂಡ ಶ್ರೀರಾಮಪ್ಪ ಕಾಯಿಲೆ ಬಿದ್ದಾಗ ಆಸ್ಪತ್ರೆ ಓಡಾಟದಲ್ಲಿ ಹದಿನೆಂಟು ಸಾವಿರ ಬಾಕಿ ನಿಂತಿತ್ತು. ಅವನು ಹೋದ ಮೇಲೆ ಅಂಗಡಿ ಮುಚ್ಚುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಕಾರ್ಯ ಮುಗಿದ ವಾರದಲ್ಲೇ ಬಸ್ಸು ಹತ್ತಿ ಬಂದು, ಗಂಡ ತರುತ್ತಿದ್ದಷ್ಟೇ ಮೂಟೆ ಕೇಳಿದಳು. ಹಳೆಯದು ನಿಧಾನಕ್ಕೆ ಕೊಡು ಎಂದು ಹೇಳಿ ಮುನಿಸ್ವಾಮಪ್ಪ ಆ ಬಾಕಿಯನ್ನು ಬೇರೆಯಾಗಿ ಇಟ್ಟಿದ್ದರು. ಅದಾದ ಮೇಲೆ ಅವಳು ಹೊಸ ಬಿಲ್ ಒಂದನ್ನೂ ಗಡುವು ದಾಟಲು ಬಿಟ್ಟಿರಲಿಲ್ಲ. ಹಳೆಯದನ್ನು ತೀರಿಸುವಷ್ಟು ಮಾತ್ರ ಕೈಯಲ್ಲಿ ಎಂದೂ ಮಿಗುತ್ತಿರಲಿಲ್ಲ.

ಇಪ್ಪತ್ತು ಮೂಟೆ, ಒಂದಕ್ಕೆ ಸಾವಿರದ ಇನ್ನೂರು, ಸರಕಿನ ಬೆಲೆ ಇಪ್ಪತ್ತನಾಲ್ಕು ಸಾವಿರ. ಬಾಡಿಗೆ ಹಮಾಲಿ ಆರುನೂರು ಸೇರಿ ಬಿಲ್ ಇಪ್ಪತ್ತನಾಲ್ಕು ಸಾವಿರದ ಆರುನೂರು. ಡಿಸ್ಕೌಂಟ್ ಬರುವುದು ಇಪ್ಪತ್ತನಾಲ್ಕು ಸಾವಿರದ ಮೇಲೆ ಮಾತ್ರ, ನಾನೂರ ಎಂಬತ್ತು. ಅಷ್ಟನ್ನು ಕಳೆದು ಇಪ್ಪತ್ತನಾಲ್ಕು ಸಾವಿರದ ನೂರ ಇಪ್ಪತ್ತು ತಂದುಕೊಟ್ಟರೆ ಆ ಬಿಲ್ ಚುಕ್ತಾ.

ನರಸಮ್ಮ ಬಿಲ್ಲನ್ನು ಮಡಿಸಿ ಬ್ಯಾಗಿನೊಳಗೆ ಇಟ್ಟು ಕೇಳಿದಳು.

"ನಮ್ಮಂತೋರ್ಗೂ ಇದೇನಾ ಅಕ್ಕ?"

"ಎಲ್ಲಾರ್ಗೂ ಒಂದೇ ಕಣೇ. ಇದು ನನ್ ಮಾತು," ಎಂದರು ಅನಸೂಯಮ್ಮ.

ಎರಡು ತಿಂಗಳು ಅಂಗಡಿ ಹಿಂದೆಂದೂ ಇಲ್ಲದ ಹಾಗೆ ನಡೆಯಿತು. ಬಟವಾಡೆಯ ಮಾರನೇ ದಿನ ಗಲ್ಲಾದ ಮುಂದೆ ಜನ ನಿಲ್ಲುತ್ತಿದ್ದರು. ಮಿಲ್ಲಿಗೆ ಮೊದಲೇ ದುಡ್ಡು ಕಟ್ಟಿದ ದಿನ ಅನಸೂಯಮ್ಮ ಗಂಡನಿಗೆ ಮೈಸೂರ್ ಪಾಕ್ ತಂದುಕೊಟ್ಟು, ಸಕ್ಕರೆ ಕಾಯಿಲೆಯವರು ಅಷ್ಟೊಂದು ತಿನ್ನಬಾರದು ಎಂದು ಅರ್ಧ ಕಿತ್ತುಕೊಂಡರು.

ಆಮೇಲೆ ನರಸಮ್ಮನ ಆರ್ಡರ್ ಬರಲಿಲ್ಲ. ಮೂರು ಲೋಡು ಕ್ರಮವಾಗಿ ತೆಗೆದುಕೊಂಡವಳು ನಾಲ್ಕನೆಯದನ್ನು ಕೇಳಲೇ ಇಲ್ಲ. ಫೋನ್ ಮಾಡಿದರೆ ಸ್ಟಾಕ್ ಇದೆ ಅಕ್ಕ ಎಂದಳು, ಇನ್ನೊಂದು ವಾರ ಬಿಟ್ಟು ಮಾಡಿದಾಗಲೂ ಅದೇ ಮಾತು. ಇಪ್ಪತ್ತು ಮೂಟೆ ಹೋಗದಿದ್ದರೆ ಅಂಗಡಿ ಮುಳುಗುವುದಿಲ್ಲ. ಆದರೆ ಅನಸೂಯಮ್ಮನಿಗೆ ಅನ್ನ ಸೇರಲಿಲ್ಲ. ಆ ಹುಡುಗಿಗೆ ಏನೋ ಆಗಿದೆ, ಅಥವಾ ನನ್ನಿಂದ ಏನೋ ಆಗಿದೆ ಎಂದು ಒಳಗೊಳಗೇ ಕೊರೆಯುತ್ತಿತ್ತು.

ವಿಷಯ ತಂದವನು ಪೆರುಮಾಳ್. ರಾಬರ್ಟ್‌ಸನ್‌ಪೇಟೆಯವನು, ತಮಿಳು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು. ಅವತ್ತು ಮಾತ್ರ ನಿಧಾನವಾಗಿ ಆಡಿದ.

"ಅಕ್ಕಾ, ನರಸಮ್ಮನ ಅಂಗಡೀಲಿ ಬೇರೆ ಯಾರ್ದೋ ಮೂಟೆ ಇಳೀತಾ ಇತ್ತು. ಯಾಕಮ್ಮಾ ಅಂದೆ. ನಿಮ್ಮಕ್ಕನ ಡಿಸ್ಕೌಂಟು ದೊಡ್ಡೋರ್ಗೆ ಮಾತ್ರ ಅಂತು."

ಅನಸೂಯಮ್ಮ ಬೈಯದೆ ಎದ್ದು ನರಸಮ್ಮನ ಲೆಕ್ಕ ತೆಗೆದರು. ಪೆರುಮಾಳ್ ಹೆದರಿ ಟೆಂಪೋ ಹತ್ತಿದ.

ಮೂರು ಬಿಲ್ಲಿಗೂ ನರಸಮ್ಮ ಹದಿನೈದು ದಿನದೊಳಗೇ ದುಡ್ಡು ಕೊಟ್ಟಿದ್ದಳು. ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದಳು, ಅನಸೂಯಮ್ಮ ಒಳಗೆ ಒಲೆಯ ಮುಂದೆ ಇರುತ್ತಿದ್ದರು, ಮುನಿಸ್ವಾಮಪ್ಪ ಎಣಿಸಿಕೊಂಡು ರಸೀದಿ ಬರೆಯುತ್ತಿದ್ದರು. ಸಂಜೆ ಆ ರಸೀದಿ ನೋಡಿ ಕಂಪ್ಯೂಟರಿಗೆ ಹಾಕುತ್ತಿದ್ದವರು ಸ್ವತಃ ಅನಸೂಯಮ್ಮನೇ. ಹಳೇ ಬಾಕಿಗೆ ಜಮಾ ಎಂದು ಗಂಡ ಬರೆದಿದ್ದರೆ ಹಾಗೇ ಹಾಕುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ ಈ ಅಂಗಡಿಯಲ್ಲಿ ಆ ಮಾತನ್ನು ನೋಡುತ್ತಲೇ ಇದ್ದವರಿಗೆ ಅದು ಕಣ್ಣಿಗೆ ಚುಚ್ಚಿರಲಿಲ್ಲ. ಬಂದ ದುಡ್ಡು ಮೊದಲು ಹಳೆಯದಕ್ಕೆ ಎಂಬುದು ಮಾವ ಹಾಕಿಕೊಟ್ಟ ರೂಢಿ.

ಈಗ ಚುಚ್ಚಿತು. ಬೋರ್ಡು ಬಂದ ಮೇಲೆ ನರಸಮ್ಮ ಮೊದಲ ಸಲ ತಂದ ದುಡ್ಡಿನಲ್ಲಿ ಹದಿನೆಂಟು ಸಾವಿರ, ಅಲ್ಲಿಯವರೆಗೆ ಬೇರೆ ಇಟ್ಟಿದ್ದ ಶ್ರೀರಾಮಪ್ಪನ ಬಾಕಿಗೆ ಹೋಗಿತ್ತು. ಹೊಸ ಬಿಲ್ಲಿಗೆ ಉಳಿದದ್ದು ಚಿಲ್ಲರೆ. ಬಿಲ್ ಪೂರ್ತಿಯಾಗಲಿಲ್ಲ, ಆದ್ದರಿಂದ ಡಿಸ್ಕೌಂಟ್ ಬೀಳಲಿಲ್ಲ. ಮುಂದಿನ ಸಲದ ಹೊತ್ತಿಗೆ ಆ ಬಿಲ್ಲೇ ಹಳೇ ಬಾಕಿಯಾಗಿತ್ತು, ಹೊಸ ದುಡ್ಡು ಅದಕ್ಕೆ ಹೋಯಿತು. ಹೀಗೇ ನಡೆದರೆ ನರಸಮ್ಮ ಬಿಲ್ ಆದ ಮಾರನೇ ದಿನವೇ ಓಡಿಬಂದು ಕೊಟ್ಟರೂ ಎರಡು ಪರ್ಸೆಂಟ್ ಅವಳಿಗೆ ಸಿಗುವುದಿಲ್ಲ. ಬಾಕಿ ಇರದ ಮುನಿರಾಜುವಿಗೆ ಪ್ರತಿ ಸಲವೂ ಸಿಗುತ್ತದೆ. ಎಲ್ಲರಿಗೂ ಒಂದೇ ಎಂದವರು ಯಾರು?

ಗಂಡನನ್ನು ಒಳಗೆ ಕರೆದರು. ಬೈಯಲೆಂದೇ ಕರೆದದ್ದು. ಮುನಿಸ್ವಾಮಪ್ಪ ಪೂರ್ತಿ ಕೇಳಿ, ಹೆಗಲ ಮೇಲಿನ ಟವೆಲ್ ತೆಗೆದು ಮಡಿಸುತ್ತಾ ನಿಂತರು.

"ಸತ್ತೋದ ಮನುಷ್ಯನ ಎಸರಲ್ಲಿ ಸಾಲ ನಿಂತಿತ್ತಲ್ಲ ಅನಸೂಯ. ಆ ಯಮ್ಮ ಬಂದಾಗೆಲ್ಲ ತಲೆ ಬಗ್ಗಿಸ್ಕಂಡೇ ನಿಂತಿರ್ತಿತ್ತು. ಎಷ್ಟ್ ದಿನ ಅಂತ ಬೇರೆ ಇಡೋದು, ಮೊದ್ಲು ಅವನದು ತೀರೋಗ್ಲಿ ಅಂತ ಮಾಡ್ದೆ," ಎಂದರು.

ಅನಸೂಯಮ್ಮನಿಗೆ ಇಷ್ಟು ವರ್ಷ ಕಟ್ಟಿಕೊಂಡು ಬಾಳಿದ ಈ ಮನುಷ್ಯನ ಮೇಲೆ ಸಿಟ್ಟು ಮಾಡಬೇಕೋ ಮುದ್ದು ಮಾಡಬೇಕೋ ತಿಳಿಯಲಿಲ್ಲ. ಕೊನೆಗೆ, ಟವೆಲ್ ಕೊಳೆಯಾಗಿದೆ ಒಗೆಯಲು ಹಾಕಿ ಎಂದು ಗದರಿ ಹೊರಗೆ ಬಂದರು.

ಅದೇ ತರಹ ಹಳೇ ಬಾಕಿಯ ಸುಳಿಗೆ ಸಿಕ್ಕವರು ಇನ್ನೂ ಕೆಲವರಿದ್ದರು. ಅವರೆಲ್ಲರ ಲೆಕ್ಕವನ್ನೂ ಕೂತು ಸರಿಮಾಡಿದರು. ಉಳಿದವರಿಗೆ ಫೋನಿನಲ್ಲೇ ಹೇಳಿ ಮುಗಿಸಿದರು. ನರಸಮ್ಮನ ಹತ್ತಿರ ಮಾತ್ರ ಫೋನಿನಲ್ಲಿ ಆಗದು ಎಂದು ಬೆಳಗಿನ ಬಸ್ಸಿಗೆ ಬೂದಿಕೋಟೆಗೆ ಹೊರಟರು. ಕಿಟಕಿ ಪಕ್ಕದಲ್ಲಿ ಕೂತು ಹೇಳಬೇಕಾದ ಮಾತನ್ನು ನಾಲ್ಕು ತರಹ ಜೋಡಿಸಿದರು, ಯಾವುದೂ ಒಪ್ಪಲಿಲ್ಲ. ಒಂದು ಕಷ್ಟ ಉಳಿದೇ ಇತ್ತು. ದುಡ್ಡನ್ನು ಆಯಾ ಬಿಲ್ಲಿಗೆ ತಿರುಗಿ ಹಾಕಿದರೆ ಡಿಸ್ಕೌಂಟ್ ಸಿಗುತ್ತದೆ ನಿಜ, ಆದರೆ ಚುಕ್ತಾ ಎಂದು ಬರೆದಿದ್ದ ಶ್ರೀರಾಮಪ್ಪನ ಸಾಲ ಮತ್ತೆ ಎದ್ದು ಕೂರುತ್ತದೆ. ಅದನ್ನು ಅವಳ ಮುಖ ನೋಡಿ ಹೇಳಬೇಕಿತ್ತು.

ನರಸಮ್ಮ ಅಂಗಡಿಯಲ್ಲಿ ಬೂಸಾ ಅಳೆದು ಕೊಡುತ್ತಿದ್ದಳು. ಅಕ್ಕನನ್ನು ಕಂಡು ಗಾಬರಿಯಾಗಿ ಸ್ಟೂಲ್ ಒರೆಸಿದಳು, ನೀರು ಕೊಟ್ಟಳು, ಕಣ್ಣೆತ್ತಿ ಮಾತ್ರ ನೋಡಲಿಲ್ಲ. ಗೋಡೆಯ ಹತ್ತಿರ ಬೇರೆ ಮಿಲ್ಲಿನ ಮೂಟೆಗಳು ಇದ್ದವು. ಇಬ್ಬರೂ ಅವುಗಳನ್ನು ನೋಡದ ಹಾಗೆ ಕೂತರು.

ಜೋಡಿಸಿದ್ದ ಮಾತೆಲ್ಲ ಮರೆತು ಅನಸೂಯಮ್ಮ ನಡೆದದ್ದನ್ನು ನಡೆದ ಹಾಗೇ ಹೇಳಿದರು. ಸಂಜೆ ರಸೀದಿ ನೋಡಿ ಕಂಪ್ಯೂಟರಿಗೆ ಹಾಕಿದ್ದು ತನ್ನ ಕೈಯೇ ಎಂದೂ ಹೇಳಿದರು. ಬೇಕೆಂದು ಮಾಡಿದ್ದಲ್ಲ ಎಂದರು. ನರಸಮ್ಮ ಅಳತೆಯ ಡಬ್ಬಿಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

"ಬಾಕಿ ಇರೋರ್ಗೆ ಇಲ್ಲ ಅಂದಿದ್ರೆ ನಾನೇನೂ ಅಂತಿರ್ಲಿಲ್ಲ ಅಕ್ಕ. ಎಲ್ಲಾರ್ಗೂ ಒಂದೇ ಅಂದ್ರಲ್ಲ. ಆ ಮಾತ್ ನಂಬಿ ನಾನೂ ಮೂಟೆಗೆ ಅತ್ತು ರೂಪಾಯಿ ಇಳಿಸ್ತೀನಿ ಅಂತ ಊರ್ಗೆಲ್ಲ ಏಳ್ಬಿಟ್ಟೆ."

"ನಿಂಗೆ ಡಿಸ್ಕೌಂಟ್ ಬರ್ಲಿಲ್ಲವಲ್ಲೇ. ಆಮೇಲೆ?"

"ಆಮೇಲೇನು. ಕೊಟ್ ಮಾತ್ನ ಎಂಗ್ ವಾಪಸ್ ತಗೊಳ್ಳಲಿ. ಇವತ್ಗೂ ಅತ್ತು ರೂಪಾಯಿ ಇಳಿಸೇ ಮಾರ್ತಾ ಇದೀನಿ."

ತಾನು ಗೋಡೆಗೆ ಬೋರ್ಡು ಹಾಕಿ ಮರೆತ ಮಾತನ್ನು ಈ ಹುಡುಗಿ ಕೈಯಿಂದ ಕಳೆದುಕೊಂಡು ನಡೆಸಿದ್ದಳು. ಬಟವಾಡೆಗೆ ಕಾಯುವ ಯಾರೋ ತಾಯಂದಿರಿಗೆ ಆ ಹತ್ತು ರೂಪಾಯಿ ಸಿಕ್ಕಿತ್ತು. ಅನಸೂಯಮ್ಮನಿಗೆ ನಾಚಿಕೆಯಾಯಿತು, ಜೊತೆಗೆ ಅವಳ ಮೇಲೆ ಹೊಟ್ಟೆಯಲ್ಲಿ ಹುಟ್ಟಿದ ಮಗಳೆಂಬಷ್ಟು ಪ್ರೀತಿ ಬಂತು.

ಮೂರು ಹೊಸ ರಸೀದಿ ತೆಗೆದು ಮುಂದಿಟ್ಟರು. ಒಂದೊಂದು ಬಿಲ್ಲಿಗೂ ನಾನೂರ ಎಂಬತ್ತು ಕಳೆದು ಚುಕ್ತಾ ಎಂದು ಬರೆದಿತ್ತು. ಮೊದಲ ಸಲ ನರಸಮ್ಮ ಡಿಸ್ಕೌಂಟ್ ಕಳೆದೇ ತಂದಿದ್ದಳು. ಕಳೆದ ನಾನೂರ ಎಂಬತ್ತು ಬಾಕಿಯಲ್ಲಿ ಏರಿದ್ದು ಕಂಡ ಮೇಲೆ ಉಳಿದೆರಡು ಸಲ ಪೂರ್ತಿ ಕೊಟ್ಟಿದ್ದಳು. ಮೊದಲ ಬಿಲ್ಲಿನ ಆ ನಾನೂರ ಎಂಬತ್ತನ್ನು ಬಾಕಿಯಿಂದ ಹೊಡೆದುಹಾಕಿದ್ದಾಗಿತ್ತು. ಎರಡು ಸಲದ ಹೆಚ್ಚಿನ ದುಡ್ಡು, ಒಂಬೈನೂರ ಅರವತ್ತು, ಅನಸೂಯಮ್ಮ ಕೈಗೆ ಕೊಟ್ಟರು. ನರಸಮ್ಮ ಬೇಡ ಎನ್ನಲಿಲ್ಲ. ಎಣಿಸಿ ತೆಗೆದಿಟ್ಟಳು. ಹಾಗೆ ಎಣಿಸಿದ್ದೇ ಅನಸೂಯಮ್ಮನಿಗೆ ಸಮಾಧಾನವಾಯಿತು.

ಇನ್ನು ಉಳಿದದ್ದು ಆ ಮಾತು. "ಇಂಗ್ ಮಾಡಿದ್ರೆ ಶ್ರೀರಾಮಪ್ಪನದು ಅದಿನೆಂಟು ಸಾವಿರ ಅಂಗೇ ನಿಲ್ತದೆ ಕಣೇ," ಎಂದರು. ಧ್ವನಿ ಅವರಿಗೇ ಕೇಳದಷ್ಟು ಸಣ್ಣದಾಗಿತ್ತು.

ನರಸಮ್ಮ ಎದ್ದು, ಗೋಡೆಯ ಮೇಲಿದ್ದ ಗಂಡನ ಫೋಟೋದ ಹಿಂದಿನಿಂದ ಮುನಿಸ್ವಾಮಪ್ಪ ಬರೆದುಕೊಟ್ಟಿದ್ದ ರಸೀದಿ ತೆಗೆದಳು. ಹಳೇ ಬಾಕಿ ಚುಕ್ತಾ ಎಂದು ದುಂಡಗಿನ ಅಕ್ಷರ. ಅದನ್ನು ಒಂದು ಸಲ ನೋಡಿ ಅನಸೂಯಮ್ಮನ ಕೈಗಿಟ್ಟಳು.

"ಅಣ್ಣ ಒಳ್ಳೇ ಮನ್ಸಲ್ಲಿ ಬರ್ದಿದ್ರು. ಆದ್ರೆ ಅವ್ರ ಸಾಲ ಎಲ್ಲಿಗ್ ಓಗಿತ್ತು ಅಕ್ಕ, ಪಕ್ಕದ ಬಿಲ್ಲಿಗ್ ಓಗಿ ಕೂತಿತ್ತು ಅಷ್ಟೆ," ಎಂದು ನಕ್ಕಳು. ಅವತ್ತು ಅವಳು ಮೊದಲ ಸಲ ಕಣ್ಣೆತ್ತಿ ನಕ್ಕದ್ದು ಅದು. ಆಮೇಲೆ ಇಬ್ಬರೂ ಮುದ್ದೆ ಉಂಡರು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಅನಸೂಯಮ್ಮ ಬೈದರು.

ಅಂಗಡಿಗೆ ವಾಪಸ್ ಬಂದವರೇ ಅನಸೂಯಮ್ಮ ಬೋರ್ಡಿನ ಕೆಳಗೆ ಇನ್ನೊಂದು ಸಾಲು ಬರೆಸಿದರು. ಕೊಟ್ಟ ಹಣ ಗಿರಾಕಿ ಹೇಳಿದ ಬಿಲ್ಲಿಗೇ ಜಮಾ, ಹಳೇ ಬಾಕಿ ಬೇರೆ. ದುಡ್ಡು ಎಣಿಸುವ ಮೊದಲು ಯಾವ ಬಿಲ್ಲಿಗೆ ಎಂದು ಕೇಳಲೇಬೇಕು ಎಂದು ಗಂಡನಿಗೆ ಅಪ್ಪಣೆಯಾಯಿತು. ಮುನಿಸ್ವಾಮಪ್ಪನಿಗೆ ಅದು ಮನೆಗೆ ಬಂದವರಿಗೆ ಎಲೆ ಹಾಕದೆ ಊಟ ಮಾಡುತ್ತೀರಾ ಎಂದು ಕೇಳಿದಷ್ಟೇ ಸಂಕೋಚ. ಆದರೂ ಕಲಿತರು. ಅವರು ಕೇಳುವ ರಾಗವನ್ನೇ ಮುನಿರಾಜು ಅಣಕಿಸಿ ತೋರಿಸುತ್ತಿದ್ದ.

ಹೊಸ ಲೋಡು ಬೂದಿಕೋಟೆಗೆ ಹೋಯಿತು. ಬಟವಾಡೆಯ ಮಾರನೇ ದಿನ ಮಧ್ಯಾಹ್ನದ ಬಸ್ಸಿಗೆ ನರಸಮ್ಮ ಬಂದಳು. ಅನಸೂಯಮ್ಮ ಒಲೆ ಆರಿಸಿ ಗಲ್ಲಾದ ಪಕ್ಕ ಬಂದು ನಿಂತರು.

"ಯಾವ್ ಬಿಲ್ಲಿಗಮ್ಮ ಈ ದುಡ್ಡು?" ಎಂದು ಮುನಿಸ್ವಾಮಪ್ಪ ಕೇಳಿದರು.

"ಒಸ ಬಿಲ್ಲಿಗೆ ಅಣ್ಣ." ಇಪ್ಪತ್ತನಾಲ್ಕು ಸಾವಿರದ ನೂರ ಇಪ್ಪತ್ತು, ಒಂದು ರೂಪಾಯಿ ಆಚೆಗಿಲ್ಲ ಈಚೆಗಿಲ್ಲ. ಅವರು ಡಿಸ್ಕೌಂಟ್ ನಾನೂರ ಎಂಬತ್ತು ಎಂದು ಬರೆದು, ಚುಕ್ತಾ ಹಾಕಿ, ರಸೀದಿ ಹರಿದು ಕೊಟ್ಟರು.

ನರಸಮ್ಮ ಹೊರಡಲಿಲ್ಲ. ಬ್ಯಾಗಿನ ಇನ್ನೊಂದು ಜಿಪ್ ತೆರೆದು, ಕಾಗದದಲ್ಲಿ ಸುತ್ತಿದ್ದ ಇನ್ನೂರ ಎಂಬತ್ತು ರೂಪಾಯಿ ತೆಗೆದು ಗಲ್ಲಾದ ಮೇಲೆ ಇಟ್ಟಳು. ಡಿಸ್ಕೌಂಟಿನಲ್ಲಿ ಮೂಟೆಗೆ ಹತ್ತರಂತೆ ಇನ್ನೂರು ಊರಿನವರಿಗೆ ಬಿಟ್ಟಿದ್ದಾಯಿತು, ಮಿಕ್ಕಿದ್ದು ಇದು, ಇನ್ನು ಮೇಲೆ ಲೋಡು ಲೋಡಿಗೂ ತರುತ್ತೇನೆ ಎಂದಳು.

ಮುನಿಸ್ವಾಮಪ್ಪ ಕೇಳಬೇಕಾದದ್ದನ್ನು ಮರೆತು ಹೆಂಡತಿಯ ಮುಖ ನೋಡಿದರು. ಅನಸೂಯಮ್ಮ ಕಣ್ಣಿನಲ್ಲೇ ಗದರಿದರು.

"ಇದು ಯಾವ್ ಬಿಲ್ಲಿಗಮ್ಮ?"

"ಇದು ಅವ್ರದು," ಎಂದಳು ನರಸಮ್ಮ. "ಅವ್ರ ಎಸರಲ್ಲೇ ಬರೀರಿ."

ಮುನಿಸ್ವಾಮಪ್ಪ ಕನ್ನಡಕ ಸರಿಮಾಡಿಕೊಂಡು, ಶ್ರೀರಾಮಪ್ಪ, ಬೂದಿಕೋಟೆ ಎಂದು ದುಂಡಗೆ ಬರೆದರು. ತಲೆ ಬಗ್ಗಿಸದೆ ನಿಂತು ನೋಡುತ್ತಿದ್ದ ನರಸಮ್ಮನಿಗೆ, ಎಲೆ ಹಾಕಿದ್ದೀನಿ ಬಾರೇ, ಬಸ್ಸಿಗೆ ಹೊತ್ತಾಗುತ್ತೆ ಎಂದು ಅನಸೂಯಮ್ಮ ಒಳಗೆ ಹೋಗುತ್ತಲೇ ಬೈಯತೊಡಗಿದರು.